ಅಕ್ಕ ಬರೆದ ಬಯೋಡೇಟಾ, ನಾವು ತಿದ್ದಿದ ಬಯೋಡೇಟಾ: ಮದುವೆ ಪ್ರೊಫೈಲಿನಿಂದ ಜಂಬ ತೆಗೆಯುವ ಬಗೆ

ನಮ್ಮ ಅಕ್ಕನ ಮಗನಿಗೆ 31 ವರ್ಷ. ಎರಡು ವರ್ಷದಿಂದ ಹುಡುಗಿ ಹುಡುಕುತ್ತಿದ್ದಾರೆ. ಪ್ರೊಫೈಲನ್ನು ಅಕ್ಕನೇ ಬರೆದಿದ್ದಳು. ಅದನ್ನೇ ಮ್ಯಾಟ್ರಿಮನಿ ಸೈಟಿಗೂ ಹಾಕಿದ್ದಳು, ಪಿಡಿಎಫ್ ಮಾಡಿಸಿ ನೆಂಟರ ವಾಟ್ಸಾಪ್ ಗ್ರೂಪುಗಳಿಗೂ ಕಳಿಸಿದ್ದಳು. ಫೋನುಗಳು ಬರುತ್ತಿದ್ದವು. ಎರಡನೇ ಫೋನು ಮಾತ್ರ ಯಾರಿಂದಲೂ ಬರುತ್ತಿರಲಿಲ್ಲ. "ನೀನೊಂದು ಸಲ ನೋಡೋ" ಅಂತ ನನಗೆ ಕಳಿಸಿದಳು. ಹೀಗಿತ್ತು:

"ಪ್ರತಿಷ್ಠಿತ, ಗೌರವಾನ್ವಿತ ಮನೆತನದ ಏಕೈಕ ಸುಪುತ್ರ. ಸ್ಫುರದ್ರೂಪಿ, ಸದ್ಗುಣ ಸಂಪನ್ನ, ಯಾವುದೇ ದುಶ್ಚಟಗಳಿಲ್ಲ. ಬೆಂಗಳೂರಿನ ಹೆಸರಾಂತ ಬಹುರಾಷ್ಟ್ರೀಯ ಕಂಪನಿಯಲ್ಲಿ ಉನ್ನತ ಹುದ್ದೆ. ವಾರ್ಷಿಕ 18 ಲಕ್ಷ ಸಂಬಳ. ಎರಡು ಬಾರಿ ಜರ್ಮನಿ ಪ್ರವಾಸ. ಊರಿನಲ್ಲಿ ಕೋಟ್ಯಂತರ ಬೆಲೆಬಾಳುವ 6 ಎಕರೆ ಅಡಿಕೆ ತೋಟ, ಬೆಂಗಳೂರಿನಲ್ಲಿ ಸ್ವಂತ ಫ್ಲಾಟ್ ಹಾಗೂ ಕಾರು. ಯಾವುದೇ ಜವಾಬ್ದಾರಿಗಳಿಲ್ಲ. ಸುಂದರ, ತೆಳ್ಳಗಿನ, ಬೆಳ್ಳಗಿನ, ಸಂಸ್ಕಾರವಂತ, ಗೃಹಕೃತ್ಯದಲ್ಲಿ ನಿಪುಣಳಾದ ವಿದ್ಯಾವಂತ ಕನ್ಯೆ ಬೇಕಾಗಿದೆ. ಕೆಲಸ ಮಾಡಲು ಅವಕಾಶ ಕೊಡಲಾಗುವುದು. ಅಂತಸ್ತಿಗೆ ತಕ್ಕವರು ಮಾತ್ರ ಸಂಪರ್ಕಿಸಿ."

ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಇವನು ಹೆಗ್ಗಣ ಅಲ್ಲ, ಒಳ್ಳೆಯ ಹುಡುಗನೇ. ಆದರೆ ಈ ಸಾಲುಗಳಲ್ಲಿ ಅವನು ಎಲ್ಲೂ ಕಾಣುವುದಿಲ್ಲ. ಒಂದು ಭಾನುವಾರ ಮೂವರೂ ಕೂತು ಇದನ್ನು ತಿದ್ದಿದೆವು. ಬೆಳಗ್ಗೆ ಶುರು ಮಾಡಿದ್ದು ಮುಗಿದಾಗ ಮಧ್ಯಾಹ್ನದ ಊಟ ತಣ್ಣಗಾಗಿತ್ತು. ನೀವೂ ಒಂದು ಅರ್ಧ ದಿನ ಇಟ್ಟುಕೊಳ್ಳಿ.

ಮೊದಲು ಪೆನ್ಸಿಲ್ಲು

ಹಳೆಯದನ್ನು ಕಾಗದದ ಮೇಲೆ ಪ್ರಿಂಟ್ ತೆಗೆಯಿರಿ. ಮೊಬೈಲಿನಲ್ಲೇ ತಿದ್ದಲು ಹೋದರೆ ಒಂದು ವಿಶೇಷಣ ಅಳಿಸಿ ಅದರ ಜಾಗಕ್ಕೆ ಇನ್ನೊಂದನ್ನು ಹಾಕುತ್ತೀರಿ, ಅಷ್ಟೇ. "ಪ್ರತಿಷ್ಠಿತ" ಹೋಗಿ "ಸುಸಂಸ್ಕೃತ" ಬರುತ್ತದೆ.

ಒಂದೊಂದೇ ಮಾತಿನ ಮುಂದೆ ನಿಂತು ಒಂದೇ ಪ್ರಶ್ನೆ ಕೇಳಿ. ಇದನ್ನು ಹುಡುಗಿ ಮನೆಯವರು ಯಾರನ್ನಾದರೂ ವಿಚಾರಿಸಿ ತಿಳಿದುಕೊಳ್ಳಬಹುದಾ? ತಿಳಿಯಬಹುದು ಅಂದರೆ ಕೆಳಗೆ ಗೆರೆ ಎಳೆಯಿರಿ. ಅದು ಸಂಗತಿ. ಆಗುವುದಿಲ್ಲ ಅಂದರೆ ಸುತ್ತ ಸೊನ್ನೆ ಸುತ್ತಿ. ಅದು ಹೊಗಳಿಕೆ. ಅಕ್ಕನ ಬಯೋಡೇಟಾದಲ್ಲಿ ಗೆರೆ ಬಿದ್ದದ್ದು ಸಂಬಳ, ಜರ್ಮನಿ, ತೋಟ, ಫ್ಲಾಟು, ಕಾರಿಗೆ ಮಾತ್ರ. ಉಳಿದದ್ದೆಲ್ಲ ಸೊನ್ನೆ.

ಸೊನ್ನೆ ಸುತ್ತಿದ್ದನ್ನೆಲ್ಲ ಹೊಡೆದು ಹಾಕಿಬಿಡಿ ಅಂತ ನಾನು ಹೇಳುವುದಿಲ್ಲ. ಪ್ರತಿ ಹೊಗಳಿಕೆಯ ಹಿಂದೆ ಸಾಮಾನ್ಯವಾಗಿ ಒಂದು ನಿಜವಾದ ಸಂಗತಿ ಇರುತ್ತದೆ. ಅದನ್ನು ಹೊರಗೆ ತೆಗೆಯುವುದೇ ಇಲ್ಲಿರುವ ಕೆಲಸ. ಕೆಲವು ಕಡೆ ಮಾತ್ರ ಏನೂ ಇರುವುದಿಲ್ಲ. "ಸ್ಫುರದ್ರೂಪಿ" ಅಂಥದ್ದು. ಪಕ್ಕದಲ್ಲೇ ಫೋಟೋ ಇದೆಯಲ್ಲ, ನೋಡುವವರು ನೋಡಿಕೊಳ್ಳುತ್ತಾರೆ.

ಆಮೇಲೆ ವಿಚಾರಣೆ

ಇದು ಎಲ್ಲಕ್ಕಿಂತ ಕಷ್ಟದ ಹಂತ. ಹುಡುಗ ಎದುರಿಗಿರಲೇಬೇಕು. ಗೆರೆ ಎಳೆದದ್ದಕ್ಕೂ ಸೊನ್ನೆ ಸುತ್ತಿದ್ದಕ್ಕೂ "ಅಂದರೆ ಏನು?" ಅಂತ ಕೇಳುತ್ತಾ ಹೋಗಿ. ನಾವು ಕೇಳಿದಾಗ ಏನಾಯಿತು ಅಂತ ಹೇಳುತ್ತೇನೆ.

18 ಲಕ್ಷ ಅಂದರೆ ಸಿಟಿಸಿ. ಅದರಲ್ಲಿ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ವರ್ಷದ ಕೊನೆಗೆ ಬಂದರೆ ಬಂತು ಅನ್ನುವ ವೇರಿಯಬಲ್ ಪೇ ಎಲ್ಲ ಸೇರಿದೆ. ತಿಂಗಳಿಗೆ ಬ್ಯಾಂಕಿಗೆ ಬೀಳುವುದು 1 ಲಕ್ಷ 15 ಸಾವಿರ. ಸ್ವಂತ ಫ್ಲಾಟು ಹೌದು, ಆದರೆ 55 ಲಕ್ಷ ಸಾಲ ತೆಗೆದದ್ದು. ತಿಂಗಳಿಗೆ ಸುಮಾರು 48 ಸಾವಿರ ಕಂತು, ಇನ್ನೂ ಬಹಳ ವರ್ಷ ಇದೆ. ಉನ್ನತ ಹುದ್ದೆ ಅಂದರೆ ಸೀನಿಯರ್ ಡಿಸೈನ್ ಎಂಜಿನಿಯರ್. ಕೈಕೆಳಗೆ ಇಬ್ಬರಿದ್ದಾರೆ. ಜರ್ಮನಿಗೆ ಹೋಗಿದ್ದು ಪ್ರವಾಸಕ್ಕಲ್ಲ, ಯಂತ್ರದ ಕೆಲಸಕ್ಕೆ, ಮೂರು ಮೂರು ವಾರ.

ತೋಟದ ವಿಷಯ ಬಂದಾಗ ಅಕ್ಕ ಸ್ವಲ್ಪ ಹೊತ್ತು ಸುಮ್ಮನಾದಳು. 6 ಎಕರೆ ಇರುವುದು ಭಾವ ಮತ್ತು ಅವರ ಇಬ್ಬರು ತಮ್ಮಂದಿರದ್ದು ಸೇರಿ. ಇನ್ನೂ ಪಾಲಾಗಿಲ್ಲ. ಪಾಲಾದರೆ ಭಾವನಿಗೆ ಬರುವುದು 2 ಎಕರೆ.

"ಇದರಲ್ಲಿ ಸುಳ್ಳು ಏನಿದೆಯೋ? ತೋಟ 6 ಎಕರೆ ಇರೋದು ನಿಜ ತಾನೇ?" ಅಂದಳು.

ನಿಜವೇ. ಆದರೆ ಈಗ ಪಹಣಿ ನೋಡಲು ಯಾರೂ ತಾಲ್ಲೂಕು ಕಚೇರಿಗೆ ಹೋಗಬೇಕಾಗಿಲ್ಲ. ಸರ್ಕಾರದ ಭೂಮಿ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಊರು, ಸರ್ವೆ ನಂಬರು ಹಾಕಿದರೆ ಯಾರ ಹೆಸರಿನಲ್ಲಿದೆ ಅಂತ ಮನೆಯಲ್ಲೇ ಕೂತು ನೋಡಬಹುದು. ಅದೂ ಬೇಡ, ಊರಿನಲ್ಲಿ ಒಬ್ಬರು ಪರಿಚಯದವರಿದ್ದರೆ ಸಾಕು. 6 ಎಕರೆ ಅಂತ ಓದಿದವರಿಗೆ 2 ಎಕರೆ ಅಂತ ಗೊತ್ತಾದ ದಿನ ಉಳಿದ ಸಾಲುಗಳ ಮೇಲೂ ಅನುಮಾನ ಬರುತ್ತದೆ. ದುಶ್ಚಟವಿಲ್ಲ ಅಂದದ್ದರ ಮೇಲೂ. ಎರಡನೇ ಫೋನು ಏಕೆ ಬರುತ್ತಿರಲಿಲ್ಲ ಅನ್ನುವುದಕ್ಕೆ ನನಗೆ ತೋಚಿದ ಕಾರಣ ಇದು.

ಈ ವಿಚಾರಣೆಯಲ್ಲಿ ಒಳ್ಳೆಯದೂ ಹೊರಗೆ ಬರುತ್ತದೆ. ತಿಂಗಳಿಗೆ ಒಂದು ಸಲ ಶುಕ್ರವಾರ ರಾತ್ರಿ ತಾಳಗುಪ್ಪ ರೈಲು ಹತ್ತಿ ಸಾಗರದಲ್ಲಿ ಇಳಿದು ಮನೆಗೆ ಹೋಗುತ್ತಾನೆ. ಕೊಯ್ಲಿನ ಸಮಯದಲ್ಲಿ ರಜೆ ಹಾಕುತ್ತಾನೆ. 8 ವರ್ಷದಿಂದ ಒಬ್ಬನೇ ಇರುವುದರಿಂದ ಅಡುಗೆ ಬರುತ್ತದೆ. ಎಲ್ಲಾದರೂ ಯಕ್ಷಗಾನ ಇದ್ದರೆ ಬೆಳಗಿನವರೆಗೆ ಕೂರುತ್ತಾನೆ. ಇಷ್ಟೆಲ್ಲ ಇದ್ದೂ ಅಕ್ಕನ ಬಯೋಡೇಟಾದಲ್ಲಿ ಇದ್ದದ್ದು "ಸದ್ಗುಣ ಸಂಪನ್ನ" ಅನ್ನುವ ಎರಡು ಪದ.

ದುಡ್ಡು, ಆಸ್ತಿ ಬರೆಯುವ ಬಗೆ

ದುಡ್ಡಿನ ವಿಷಯ ಬರೆಯಲೇಬಾರದು ಅನ್ನುವುದು ವಿನಯ ಅಲ್ಲ. ಹೆಣ್ಣು ಕೊಡುವವರು ಅದನ್ನು ಕೇಳಿಯೇ ಕೇಳುತ್ತಾರೆ, ಕೇಳಬೇಕು ಕೂಡ. ನಾನು ಪಾಲಿಸುವುದು ಇಷ್ಟು: ಅಳತೆ ಬರೆಯಿರಿ, ಬೆಲೆ ಬರೆಯಬೇಡಿ. "ಕೋಟ್ಯಂತರ ಬೆಲೆಬಾಳುವ ತೋಟ" ಜಂಬ. "ಅಪ್ಪ, ಚಿಕ್ಕಪ್ಪಂದಿರ ಒಟ್ಟು ತೋಟ ಇದೆ, ನಮ್ಮ ಪಾಲು ಸುಮಾರು 2 ಎಕರೆ" ಮಾಹಿತಿ. ಎರಡನೆಯದರಲ್ಲಿ ಎಕರೆ ಕಡಿಮೆಯಾಯಿತು, ನಿಜ. ಆದರೆ ಅಡಿಕೆ ಸೀಮೆಯವರಿಗೆ 2 ಎಕರೆ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕೂಡು ಕುಟುಂಬದವರು ಜಗಳವಿಲ್ಲದೆ ಒಟ್ಟಿಗೆ ಬೇಸಾಯ ಮಾಡುತ್ತಿದ್ದಾರೆ ಅನ್ನುವುದೂ ಅದರಲ್ಲೇ ತಿಳಿಯುತ್ತದೆ.

ಸಂಬಳಕ್ಕೆ ಸೈಟಿನಲ್ಲಿ ಬೇರೆ ಕಾಲಂ ಇರುತ್ತದೆ. ಅಲ್ಲಿ ಇಂತಿಷ್ಟರಿಂದ ಇಂತಿಷ್ಟು ಅಂತ ಆರಿಸಿ ಸುಮ್ಮನಾಗಿ. ವಿವರಣೆಯಲ್ಲಿ ಮತ್ತೆ ಬರೆದರೆ ಒಂದೇ ಡೋಲನ್ನು ಎರಡು ಸಲ ಬಾರಿಸಿದಂತೆ. ವಾಟ್ಸಾಪಿನಲ್ಲಿ ಓಡಾಡುವ ಪಿಡಿಎಫಿನಲ್ಲಿ ಮಾತ್ರ ಕಾಲಂ ಇಲ್ಲದ ಕಾರಣ ಒಂದು ಸಾಲಿರಲಿ. ಸಿಟಿಸಿ ಬರೆದರೆ ಸಿಟಿಸಿ ಅಂತಲೇ ಬರೆಯಿರಿ. ಫ್ಲಾಟಿನ ಜೊತೆ ಸಾಲ ಇದೆ ಅನ್ನುವುದನ್ನೂ ಸೇರಿಸಿ. ಸಾಲದ ಮೊತ್ತ ಬೇಡ, ಅದು ಮುಖಾಮುಖಿ ಮಾತಾಡುವ ವಿಷಯ. ಕಾರು ಹೊಡೆದು ಹಾಕಿ. ಕಾರಿಗೆ ಒರಗಿ ನಿಂತ ಫೋಟೋ ಇದ್ದರೆ ಅದನ್ನೂ.

ಹೆಣ್ಣಿನ ಕಡೆಯವರಿಗೆ ಇಲ್ಲಿ ಒಂದು ಮಾತು ಹೇಳಲೇಬೇಕು. "ಮದುವೆಗೆ ಮಗಳ ಹೆಸರಿಗೆ ಸೈಟು ಬರೆದುಕೊಡುತ್ತೇವೆ", "ಅಳಿಯನಿಗೆ ವ್ಯಾಪಾರದಲ್ಲಿ ಪಾಲು" ಅಂತ ಕೆಲವರು ಹೆಮ್ಮೆಯಿಂದ ಹಾಕಿರುತ್ತಾರೆ. ಇದು ಬರೀ ಜಂಬ ಅಲ್ಲ. 1961ರ ವರದಕ್ಷಿಣೆ ನಿಷೇಧ ಕಾಯ್ದೆಗೆ 1986ರಲ್ಲಿ ಸೇರಿಸಿದ 4ಎ ಕಲಂ ಪ್ರಕಾರ, ಮಗ ಮಗಳ ಮದುವೆಗೆ ಪ್ರತಿಯಾಗಿ ಆಸ್ತಿಯಲ್ಲೋ ಹಣದಲ್ಲೋ ವ್ಯಾಪಾರದಲ್ಲೋ ಪಾಲು ಕೊಡುತ್ತೇವೆ ಅಂತ ಜಾಹೀರಾತು ಕೊಡುವುದೇ ಅಪರಾಧ. 6 ತಿಂಗಳಿಂದ 5 ವರ್ಷದವರೆಗೆ ಜೈಲು, ಅಥವಾ 15 ಸಾವಿರ ರೂಪಾಯಿವರೆಗೆ ದಂಡ. ಮನೆಗೆ ಜಮೀನಿದೆ ಅಂತ ಹೇಳುವುದು ಬೇರೆ, ಮದುವೆಗೆ ಅಂತ ಕೊಡುತ್ತೇವೆ ಅನ್ನುವುದು ಬೇರೆ. ಎರಡನೆಯದನ್ನು ಇವತ್ತೇ ತೆಗೆಯಿರಿ.

ಗುಣ ಹೇಳಬೇಡಿ, ರೂಢಿ ಹೇಳಿ

"ಜವಾಬ್ದಾರಿಯುತ", "ಕುಟುಂಬದ ಮೇಲೆ ಪ್ರೀತಿ ಇರುವ", "ಸರಳ, ಸಜ್ಜನ". ಕೊನೆಯದರ ಬಗ್ಗೆ ಎಚ್ಚರ. ನಾನು ಸರಳ ಅಂತ ತಾನೇ ಬರೆದುಕೊಳ್ಳುವುದೂ ಒಂದು ಜಂಬವೇ ಅಲ್ವಾ? ಅದೂ ಎಲ್ಲರೂ ಬರೆಯುವಂಥದ್ದು.

ಗುಣದ ಜಾಗದಲ್ಲಿ ಆ ಗುಣ ಕಾಣುವ ಒಂದು ರೂಢಿಯನ್ನು ಇಡಿ. ಕುಟುಂಬ ಪ್ರೀತಿಯ ಜಾಗಕ್ಕೆ ತಾಳಗುಪ್ಪ ರೈಲು ಬಂತು. "ಮನೆಕೆಲಸದಲ್ಲಿ ನೆರವಾಗುವ" ಅನ್ನುವುದರ ಜಾಗಕ್ಕೆ ವಾರದಲ್ಲಿ ನಾಲ್ಕೈದು ದಿನ ಮಾಡುವ ಅಡುಗೆ ಬಂತು. ಬರೆದ ಮೇಲೆ ಪರೀಕ್ಷೆ ಮಾಡಿ: ಈ ಸಾಲನ್ನು ಎದುರುಮನೆ ಹುಡುಗನ ಬಯೋಡೇಟಾಕ್ಕೆ ಹಾಗೇ ಅಂಟಿಸಬಹುದಾ? ಅಂಟಿಸಬಹುದಾದರೆ ಅದು ಇನ್ನೂ ಹೊಗಳಿಕೆಯೇ. "ಪುಸ್ತಕ ಓದುವುದು, ಹಾಡು ಕೇಳುವುದು, ಪ್ರವಾಸ" ಈ ಪರೀಕ್ಷೆಯಲ್ಲಿ ಯಾವಾಗಲೂ ಬಿದ್ದು ಹೋಗುತ್ತವೆ.

ಇಂಥವು ಎರಡು ಅಥವಾ ಮೂರು ಸಾಕು. ಐದಾರು ಆದರೆ ಅದೂ ಪ್ರದರ್ಶನವಾಗುತ್ತದೆ.

"ದುಶ್ಚಟಗಳಿಲ್ಲ" ಅನ್ನುವ ಸಾಲಿನ ಬಗ್ಗೆ ನಮ್ಮಲ್ಲಿ ಜಗಳವೇ ಆಯಿತು. ತೆಗೆದರೆ ಕುಡಿಯುತ್ತಾನೆ ಅಂದುಕೊಳ್ಳುತ್ತಾರೆ ಅಂತ ಅಕ್ಕನ ಭಯ. ಅದು ನ್ಯಾಯವೇ. ಆದರೆ ಸೈಟಿನಲ್ಲಿ ಅದಕ್ಕೂ ಕಾಲಂ ಇರುತ್ತದೆ. ಪಿಡಿಎಫಿನಲ್ಲಿ "ಸಿಗರೇಟು, ಮದ್ಯ ಇಲ್ಲ" ಅಂತ ಊಟದ ಅಭ್ಯಾಸದ ಪಕ್ಕ ಮೂರು ಪದ ಹಾಕಿದೆವು. "ದುಶ್ಚಟ" ಅನ್ನುವ ಪದಕ್ಕೆ ಪೊಲೀಸ್ ಠಾಣೆಯಲ್ಲಿ ಕೊಡುವ ನಡತೆ ಪ್ರಮಾಣಪತ್ರದ ವಾಸನೆ ಇದೆ.

ಮನೆತನ ಬಿಟ್ಟು ಮನೆ

ಪ್ರತಿಷ್ಠಿತ ಮನೆತನ ಅಂದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಅವರಿಗೆ ಬೇಕಾಗಿರುವುದು ಮನೆಯಲ್ಲಿ ಯಾರ್ಯಾರು ಇದ್ದಾರೆ, ಯಾರು ಎಲ್ಲಿರುತ್ತಾರೆ, ಮದುವೆಯಾದ ಮೇಲೆ ಮಗಳು ಎಲ್ಲಿ ಇರಬೇಕು ಅನ್ನುವುದು. "ಯಾವುದೇ ಜವಾಬ್ದಾರಿಗಳಿಲ್ಲ" ಅನ್ನುವ ಮಾತಂತೂ ವಿಚಿತ್ರ. ಅಕ್ಕ ಹೇಳಲು ಹೊರಟದ್ದು "ತಂಗಿಯ ಮದುವೆ ಆಗಿದೆ" ಅಂತ. ಓದುವವರಿಗೆ ಕೇಳಿಸುವುದು, ತಂಗಿ ಇವರಿಗೆ ಹೊರೆಯಾಗಿದ್ದಳು ಅಂತ. ತಂಗಿಗೆ ಮದುವೆಯಾಗಿದೆ, ಶಿವಮೊಗ್ಗದಲ್ಲಿದ್ದಾಳೆ ಅಂತ ನೇರವಾಗಿ ಬರೆದರೆ ಮುಗಿಯಿತು.

ಜಂಬ ಅಡಗಿ ಕೂರುವ ಜಾಗ: "ಬೇಕಾಗಿದೆ"

ಮೇಲಿನದೆಲ್ಲ ತಿದ್ದಿದ ಮೇಲೂ ಒಂದು ಜಾಗದಲ್ಲಿ ಜಂಬ ಉಳಿದಿರುತ್ತದೆ, ನಿರೀಕ್ಷೆಗಳ ಪ್ಯಾರಾದಲ್ಲಿ. "ಕನ್ಯೆ ಬೇಕಾಗಿದೆ" ಅನ್ನುವುದು ಟೆಂಡರ್ ನೋಟಿಸಿನ ಭಾಷೆ. ತೆಳ್ಳಗಿನ, ಬೆಳ್ಳಗಿನ ಅನ್ನುವುದನ್ನು ಓದಿದ ಹುಡುಗಿ, ತಾನು ಬೆಳ್ಳಗಿದ್ದರೂ, ಪುಟ ಮುಚ್ಚುತ್ತಾಳೆ. ಮುಚ್ಚಬೇಕಾದ್ದೇ.

"ಕೆಲಸ ಮಾಡಲು ಅವಕಾಶ ಕೊಡಲಾಗುವುದು" ಅನ್ನುವುದು ಎಲ್ಲಕ್ಕಿಂತ ಕೆಟ್ಟ ಸಾಲು. ಬರೆದವರಿಗೆ ಅದು ಉದಾರತೆ ಅನಿಸಿರುತ್ತದೆ. ಕೊಡುವವರು ಯಾರು? ಅವಳು ಓದಿದ್ದಾಳೆ, ಅವಳೇ ಸಂದರ್ಶನಕ್ಕೆ ಹೋಗಿ ಕೆಲಸ ಗಿಟ್ಟಿಸಿಕೊಂಡಿದ್ದಾಳೆ. ಅದನ್ನು "ಕೆಲಸ ಮುಂದುವರಿಸುವುದು ಅವರ ಇಷ್ಟ" ಅಂತ ಬದಲಿಸಿದೆವು.

ನಿರೀಕ್ಷೆಯಲ್ಲಿ ನಿಜಕ್ಕೂ ಬಿಡಲಾಗದ ಒಂದೆರಡನ್ನು ಮಾತ್ರ ಉಳಿಸಿ. ಇವನಿಗೆ ಅದು ಯಾವುದು ಅಂತ ಕೇಳಿದೆ. ತುಂಬ ಯೋಚಿಸಿ, "ಮಾಮ, ಊರಿಗೆ ಬರೋಕೆ ಬೇಜಾರು ಇರಬಾರದು ಅಷ್ಟೇ" ಅಂದ. ಎರಡು ವರ್ಷದಲ್ಲಿ ಅವನನ್ನು ಯಾರೂ ಇದನ್ನು ಕೇಳಿರಲಿಲ್ಲ.

"ಅಂತಸ್ತಿಗೆ ತಕ್ಕವರು" ಸಾಲಿನ ಬಗ್ಗೆ ಬರೆಯುವುದೇನೂ ಇಲ್ಲ. ಹೊಡೆದು ಹಾಕಿ.

ಯಾರ ಬಾಯಲ್ಲಿ?

ಅಮ್ಮ ಬರೆದರೆ "ನಮ್ಮ ಮಗ ಓದಿದ್ದಾನೆ" ಅಂತ ಬರೆಯಲಿ. "ಹೊಂದಿರುತ್ತಾರೆ, ಮಾಡಿರುತ್ತಾರೆ" ಅಂದರೆ ತಹಶೀಲ್ದಾರರ ಪತ್ರದ ಹಾಗೆ ಕೇಳುತ್ತದೆ. ಹೆತ್ತ ಮಗನಿಗೆ ಬಹುವಚನ ಬೇರೆ. ಹುಡುಗನೇ ಬರೆದರೆ "ನಾನು". ಸೈಟಿಗೆ "ನಾನು" ಚೆಂದ, ಹಿರಿಯರ ಕೈಗೆ ಹೋಗುವ ಪಿಡಿಎಫಿಗೆ "ನಮ್ಮ ಮಗ" ಚೆಂದ ಅಂತ ನನ್ನ ಅಭಿಪ್ರಾಯ. ಒಂದರಲ್ಲೇ ಎರಡೂ ಬೆರೆಸಬೇಡಿ. ಯಾರು ಬರೆದರೂ ಬರಲಿರುವ ಹುಡುಗಿಯನ್ನು "ಅವರು" ಅಂತಲೇ ಕರೆಯಿರಿ, "ಅವಳು" ಬೇಡ. ಇನ್ನೂ ಪರಿಚಯವೇ ಆಗಿಲ್ಲ.

ಕೊನೆಗೆ ಸೈಟಿಗೆ ಹಾಕಿದ್ದು ಇದು:

"ನಾನು ಮೆಕ್ಯಾನಿಕಲ್ ಎಂಜಿನಿಯರ್. ಬೆಂಗಳೂರಿನಲ್ಲಿ 8 ವರ್ಷದಿಂದ ಯಂತ್ರಗಳ ವಿನ್ಯಾಸದ ಕೆಲಸ ಮಾಡುತ್ತಿದ್ದೇನೆ. ಹಗಲಿನ ಕೆಲಸ, ಶನಿವಾರ ಭಾನುವಾರ ರಜೆ. ಕೆಲಸದ ಮೇಲೆ ಎರಡು ಸಲ ಕೆಲವು ವಾರಗಳ ಮಟ್ಟಿಗೆ ಜರ್ಮನಿಗೆ ಹೋಗಿದ್ದೆ. ಸದ್ಯ ಹೊರದೇಶದಲ್ಲಿ ನೆಲೆಸುವ ಯೋಚನೆ ಇಲ್ಲ.

ನಮ್ಮದು ಸಾಗರದ ಕಡೆಯ ಹಳ್ಳಿ. ಅಪ್ಪ, ಅಮ್ಮ ಊರಿನಲ್ಲಿದ್ದಾರೆ. ಅಪ್ಪ ಮತ್ತು ಚಿಕ್ಕಪ್ಪಂದಿರು ಒಟ್ಟಿಗೆ ಅಡಿಕೆ ತೋಟ ನೋಡಿಕೊಳ್ಳುತ್ತಾರೆ; ನಮ್ಮ ಪಾಲು ಸುಮಾರು 2 ಎಕರೆ. ತಂಗಿಗೆ ಮದುವೆಯಾಗಿದೆ, ಶಿವಮೊಗ್ಗದಲ್ಲಿದ್ದಾಳೆ. ಬೆಂಗಳೂರಿನಲ್ಲಿ ಸಾಲ ಮಾಡಿ ಒಂದು ಫ್ಲಾಟ್ ತೆಗೆದುಕೊಂಡಿದ್ದೇನೆ.

ತಿಂಗಳಿಗೊಮ್ಮೆ ರಾತ್ರಿ ರೈಲಿಗೆ ಊರಿಗೆ ಹೋಗುತ್ತೇನೆ. ವಾರದಲ್ಲಿ ನಾಲ್ಕೈದು ದಿನ ನಾನೇ ಅಡುಗೆ ಮಾಡಿಕೊಳ್ಳುತ್ತೇನೆ. ತಂಬುಳಿ, ಸಾರು ಚೆನ್ನಾಗಿ ಬರುತ್ತದೆ. ಚಪಾತಿ ಇನ್ನೂ ಗುಂಡಗಾಗಿಲ್ಲ. ಯಕ್ಷಗಾನ ಇದ್ದರೆ ಬೆಳಗಿನವರೆಗೆ ಕೂರುತ್ತೇನೆ.

ಮದುವೆಯ ನಂತರ ಬೆಂಗಳೂರಿನಲ್ಲೇ ಇರುತ್ತೇವೆ. ಅಪ್ಪ, ಅಮ್ಮ ಆಗಾಗ ಬಂದು ಹೋಗುತ್ತಾರೆ. ಮದುವೆಯಾಗಿ ಬರುವವರು ಕೆಲಸ ಮುಂದುವರಿಸುವುದು ಅವರ ಇಷ್ಟ. ಹಬ್ಬಕ್ಕೆ, ಕೊಯ್ಲಿಗೆ ಊರಿಗೆ ಬರಲು ಇಷ್ಟವಿದ್ದರೆ ನನಗೆ ಸಂತೋಷ."

ಇದರಲ್ಲಿ ಒಂದೂ ವಿಶೇಷಣ ಹೊಗಳಿಕೆಗೆ ಬಂದಿಲ್ಲ, ತಂಬುಳಿಗೆ ಬಿಟ್ಟರೆ. ಫೋನಿನಲ್ಲಿ ಎರಡು ಸಲ ಬೆರಳು ಸರಿಸಿದರೆ ಓದಿ ಮುಗಿಯುತ್ತದೆ. ಇದಕ್ಕಿಂತ ಉದ್ದ ಬೇಡ. ಚಪಾತಿಯಂಥ ತನ್ನನ್ನೇ ನಗುವ ಸಾಲು ಒಂದೇ ಇರಲಿ. ಎರಡಾದರೆ ನಾಟಕ ಅನಿಸುತ್ತದೆ.

ವಿನಯ ಜಾಸ್ತಿಯಾದಾಗ

ತಿದ್ದಲು ಶುರು ಮಾಡಿದ ಮೇಲೆ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. "ಸಾಧಾರಣ ಹುಡುಗ, ಸಣ್ಣ ಕೆಲಸ, ಹೇಳಿಕೊಳ್ಳುವಂಥದ್ದೇನಿಲ್ಲ." ಇದನ್ನು ಓದಿದವರು ಎರಡರಲ್ಲಿ ಒಂದನ್ನು ಅಂದುಕೊಳ್ಳುತ್ತಾರೆ. ನಿಜಕ್ಕೂ ಏನೂ ಇಲ್ಲ, ಇಲ್ಲವೇ ಏನೋ ಮುಚ್ಚಿಡುತ್ತಿದ್ದಾರೆ. ಪದವಿ, ಹುದ್ದೆಯ ಹೆಸರು, ಎಷ್ಟು ವರ್ಷದ ಅನುಭವ, ಇವನ್ನು ಹೇಳುವುದು ಜಂಬ ಅಲ್ಲ. ಹೇಳದಿದ್ದರೆ ಅದು ಕೊರತೆ.

ಹಾಗೆಯೇ, ಹಿಂದೆ ಮದುವೆಯಾಗಿ ಬಿಟ್ಟುಹೋಗಿದ್ದು, ಮುಂದೆಯೂ ನೋಡಿಕೊಳ್ಳಬೇಕಾದ ಕಾಯಿಲೆ, ಇಂಥವನ್ನು "ಮೆದುವಾಗಿ" ಹೇಳುವ ನೆಪದಲ್ಲಿ ಬಿಡಬಾರದು. ಮದುವೆ ಮುರಿದದ್ದನ್ನು ಸೈಟಿನ ಕಾಲಂನಲ್ಲೇ ಸರಿಯಾಗಿ ಹಾಕಿ. ಕಾಯಿಲೆಯ ವಿವರವನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕಿಲ್ಲ, ಹೆಣ್ಣು ನೋಡಲು ಹೋಗುವ ಮೊದಲೇ ಫೋನಿನಲ್ಲಿ ಹೇಳಿಬಿಡಿ.

ಹೆಣ್ಣುಮಕ್ಕಳ ಪ್ರೊಫೈಲಿಗೂ ದಾರಿ ಇದೇ. ಅಲ್ಲಿ ಜಂಬ ಬರುವುದು ಪದವಿ, ಬಹುಮಾನಗಳ ಉದ್ದ ಪಟ್ಟಿಯಲ್ಲಿ ಮತ್ತು "ಮುದ್ದಾಗಿ ಬೆಳೆದ ಮಗಳು" ಅನ್ನುವುದರಲ್ಲಿ. ಭರತನಾಟ್ಯ ಸೀನಿಯರ್ ಪರೀಕ್ಷೆ ಪಾಸಾಗಿದ್ದರೆ ಒಂದು ಸಾಲು ಸಾಕು. ಈಗಲೂ ಕುಣಿಯುತ್ತಾಳಾ ಅನ್ನುವುದು ಅದಕ್ಕಿಂತ ಮುಖ್ಯ.

ಗಟ್ಟಿಯಾಗಿ ಓದಿಸಿ

ಹಾಕುವ ಮೊದಲು ಹುಡುಗನಿಂದ ಇಡೀ ಬರಹವನ್ನು ಗಟ್ಟಿಯಾಗಿ ಓದಿಸಿ. ಹೆಣ್ಣು ನೋಡಲು ಹೋದಾಗ, ಎದುರಿಗೆ ಉಪ್ಪಿಟ್ಟು ಕೇಸರಿಬಾತಿನ ತಟ್ಟೆ, ಪಕ್ಕದಲ್ಲಿ ಹುಡುಗಿಯ ಅಪ್ಪ. ಆಗ ಇದೇ ಮಾತನ್ನು ಬಾಯಿಬಿಟ್ಟು ಹೇಳಲು ಆಗುತ್ತದಾ? ಎಲ್ಲಿ ನಾಲಿಗೆ ತಡವರಿಸುತ್ತದೋ ಆ ಸಾಲು ಇನ್ನೂ ಸರಿಯಾಗಿಲ್ಲ. ನಮ್ಮವನು ಮೊದಲ ಕರಡಿನಲ್ಲಿ "ಸಂಸ್ಕೃತಿಯಲ್ಲಿ ಆಸಕ್ತಿ" ಅನ್ನುವಲ್ಲಿ ನಕ್ಕುಬಿಟ್ಟ. ಆಮೇಲೆ ಅದು ಯಕ್ಷಗಾನವಾಯಿತು.

ಹಾಕಿದ ಮೇಲೆ ಫೋನಿನಲ್ಲಿ ಮೊದಲು ಏನು ಕೇಳುತ್ತಾರೆ ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಮೊದಲು ಅಕ್ಕನಿಗೆ ಬರುತ್ತಿದ್ದ ಪ್ರಶ್ನೆ "ತೋಟ ಯಾರ ಹೆಸರಲ್ಲಿದೆ?" ಈಗ "ಯಾವ ಮೇಳದ ಆಟ ನೋಡ್ತಾರೆ?" ಅಂತ ಒಬ್ಬರು, "ಕೊಯ್ಲಿಗೆ ಎಷ್ಟು ದಿನ ಊರಲ್ಲಿರಬೇಕಾಗುತ್ತೆ?" ಅಂತ ಇನ್ನೊಬ್ಬರು ಕೇಳಿದ್ದಾರೆ. ಮೂರ್ನಾಲ್ಕು ಜನ ಒಂದೇ ವಿಷಯ ಕೇಳಿದರೆ ಅದಕ್ಕೆ ಉತ್ತರವನ್ನು ಬರಹಕ್ಕೇ ಸೇರಿಸಿ.

ಒಂದು ತೊಂದರೆ ಮಾತ್ರ ನಮಗೆ ಮೊದಲೇ ಹೊಳೆಯಲಿಲ್ಲ. ಸೈಟಿನಲ್ಲಿ ಬದಲಿಸಿದರೂ ಹಳೆಯ ಪಿಡಿಎಫ್ ಗ್ರೂಪಿನಿಂದ ಗ್ರೂಪಿಗೆ ಓಡಾಡುತ್ತಲೇ ಇರುತ್ತದೆ. ಒಂದು ಕಡೆ 6 ಎಕರೆ, ಇನ್ನೊಂದು ಕಡೆ 2 ಎಕರೆ ನೋಡಿದವರು ನಡುವೆ ಏನೋ ಜಗಳವಾಗಿ ಪಾಲಾಗಿದೆ ಅಂದುಕೊಳ್ಳುತ್ತಾರೆ. ಹಾಗಾಗಿ ಹೊಸದರ ಕೆಳಗೆ ತಿಂಗಳು, ವರ್ಷ ಹಾಕಿ. ಹಳೆಯದನ್ನು ಯಾರ್ಯಾರಿಗೆ ಕಳಿಸಿದ್ದಿರೋ ಅವರಿಗೆಲ್ಲ, ಬ್ರೋಕರಿಗೂ ಸೇರಿ, ಹೊಸದನ್ನು ಕಳಿಸಿ "ಹಳೇದು ಅಳಿಸಿಬಿಡಿ" ಅಂತ ಒಂದೊಂದು ಫೋನು ಮಾಡಿ. ಅಕ್ಕ ಹದಿನಾಲ್ಕು ಫೋನು ಮಾಡಿದಳು. ಮೊನ್ನೆ ಹುಬ್ಬಳ್ಳಿಯಿಂದ ಯಾರೋ ಕರೆ ಮಾಡಿ "ಸ್ಫುರದ್ರೂಪಿ ಹುಡುಗನ ಮನೇನಾ?" ಅಂತ ಕೇಳಿದರಂತೆ. ಅವರಿಗೂ ಹೊಸದನ್ನು ಕಳಿಸಿದ್ದಾಳೆ.